ಕಾರ್ಡ್ ಸೆಟ್ ಫುಲ್ ಆಗಲು ಎಷ್ಟು ಪ್ಯಾಕ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಸಂಜೆ ಗಣಿತದ ಟ್ಯೂಷನ್ ಹೇಳುತ್ತೇನೆ. ಕ್ರಿಕೆಟ್ ಕಾರ್ಡಿನ ಸೀಸನ್ ಬಂತೆಂದರೆ ಮಕ್ಕಳ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಕಾರ್ಡೇ ಜಾಸ್ತಿ. ಅವರು ಕೇಳುವ ಪ್ರಶ್ನೆಗಳು, ಅವರ ಅಪ್ಪ ಅಮ್ಮಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು, ಎರಡೂ ಇಲ್ಲಿವೆ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಒಂದೇ ಸೆಟ್ ಇಟ್ಟುಕೊಂಡಿದ್ದೇನೆ: ಒಟ್ಟು 100 ಕಾರ್ಡ್, ಒಂದು ಪ್ಯಾಕಿನಲ್ಲಿ 5, ಪ್ಯಾಕಿಗೆ 50 ರೂಪಾಯಿ. ನಿಮ್ಮ ಕೈಲಿರುವ ಸೆಟ್ಟಿನ ಸಂಖ್ಯೆ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

100 ಕಾರ್ಡ್ ತಾನೇ? ಪ್ಯಾಕಿಗೆ 5 ಅಂದ್ರೆ 20 ಪ್ಯಾಕ್ ಸಾಕಲ್ವಾ ಸರ್?

ಒಂದೂ ಡಬಲ್ ಬರದಿದ್ದರೆ ಸಾಕು. ಆದರೆ 20 ಪ್ಯಾಕ್ ಒಡೆದು ಒಂದೂ ಡಬಲ್ ಬರದೇ ಇರುವುದು ಲಾಟರಿ ಹೊಡೆಯುವುದಕ್ಕಿಂತ ಕಷ್ಟ. 20 ಪ್ಯಾಕ್ ಒಡೆದಾಗ ಸಾಮಾನ್ಯವಾಗಿ ಕೈಗೆ ಸಿಗುವುದು 63, 64 ಬೇರೆ ಬೇರೆ ಕಾರ್ಡ್. ಉಳಿದದ್ದೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಜೇಬಲ್ಲಿ ಇಟ್ಟುಕೊಳ್ಳುವ ಡಬಲ್ ಕಟ್ಟು.

ಹಾಗಾದ್ರೆ ಎಷ್ಟು ಬೇಕು? ಲೆಕ್ಕ ಮಾಡೋದು ಹೇಗೆ?

ಸರಾಸರಿ 104 ಪ್ಯಾಕ್. ಅಂದರೆ 5,200 ರೂಪಾಯಿ. ಇದನ್ನು ಕೇಳಿ ಒಬ್ಬ ತಾಯಿ "ಅಯ್ಯೋ, ಅಷ್ಟು ದುಡ್ಡಿಗೆ ನಿಜವಾದ ಬ್ಯಾಟೇ ಬರ್ತದಲ್ರೀ" ಅಂದರು. ಬರುತ್ತದೆ.

ಲೆಕ್ಕ ಹೇಗೆ ಬರುತ್ತದೆ ಅಂತ ನೋಡಲು ಲೂಡೋ ದಾಳ ಒಂದು ತೆಗೆದುಕೊಳ್ಳಿ. 1ರಿಂದ 6ರವರೆಗೆ ಎಲ್ಲ ಅಂಕಿಗಳೂ ಒಮ್ಮೆಯಾದರೂ ಬೀಳುವ ತನಕ ಹಾಕುತ್ತಾ ಹೋಗಬೇಕು. ಮೊದಲ ಸಲ ಏನು ಬಿದ್ದರೂ ಹೊಸದೇ. ಎರಡನೇ ಹೊಸ ಅಂಕಿ ಬರಲು ಆರರಲ್ಲಿ ಐದು ಅವಕಾಶ, ಹಾಗಾಗಿ ಸರಾಸರಿ 6/5 ಸಲ ಹಾಕಬೇಕು. ಮೂರನೆಯದಕ್ಕೆ 6/4, ನಾಲ್ಕನೆಯದಕ್ಕೆ 6/3, ಐದನೆಯದಕ್ಕೆ 6/2. ಕೊನೆಗೆ ಒಂದೇ ಅಂಕಿ ಬಾಕಿ ಇದ್ದಾಗ ಆರರಲ್ಲಿ ಒಂದೇ ಅವಕಾಶ, ಆಗ ಸರಾಸರಿ 6 ಸಲ. ಎಲ್ಲ ಕೂಡಿದರೆ 14.7.

ನಿಯಮ ಇಷ್ಟೇ: ಬಾಕಿ ಎಷ್ಟಿದೆ ಅನ್ನುವುದರಿಂದ ಒಟ್ಟನ್ನು ಭಾಗಿಸಿದರೆ ಮುಂದಿನ ಹೊಸದಕ್ಕೆ ಎಷ್ಟು ಕಾಯಬೇಕು ಅಂತ ಸಿಗುತ್ತದೆ. 100 ಕಾರ್ಡಿಗೂ ಅದನ್ನೇ ಹಾಕಿ:

```
100 × (1 + 1/2 + 1/3 + ... + 1/100) = 518.7
518.7 / 5 = 103.7
```

ಬ್ರಾಕೆಟ್ಟಿನ ಒಳಗಿನ ಮೊತ್ತ ಸುಮಾರು 5.187. ಕ್ಯಾಲ್ಕುಲೇಟರಿನಲ್ಲಿ ನೂರು ಭಿನ್ನರಾಶಿ ಕೂಡಿಸಲು ಬೇಜಾರಾದರೆ `ln(100) + 0.577` ಹಾಕಿ. ಬಹುತೇಕ ಅದೇ ಬರುತ್ತದೆ. ಗಣಿತದವರು ಇದಕ್ಕೆ ಕೂಪನ್ ಕಲೆಕ್ಟರ್ ಲೆಕ್ಕ ಅನ್ನುತ್ತಾರೆ. ಇಲ್ಲಿ ಒಂದು ಷರತ್ತು ಇದೆ. ನೂರೂ ಕಾರ್ಡ್ ಸಮಾನವಾಗಿ ಪ್ರಿಂಟ್ ಆಗಿರಬೇಕು, ಸಮಾನವಾಗಿ ಬೆರೆತಿರಬೇಕು. ಆ ಷರತ್ತು ಮುರಿದಾಗ ಏನಾಗುತ್ತದೆ ಅನ್ನುವುದು ಕೆಳಗೆ ಬರುತ್ತದೆ.

ಮೊದಲು ಸಿಕ್ಕಾಪಟ್ಟೆ ಬೇಗ ತುಂಬ್ತು, 90 ಆದ್ಮೇಲೆ ಯಾಕೆ ನಿಂತೇ ಹೋಯ್ತು?

ಎಲ್ಲರಿಗೂ ಆಗುವುದೇ ಇದು. ಟ್ಯೂಷನ್ ಹುಡುಗನೊಬ್ಬ ಉದ್ದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ 1ರಿಂದ 100 ಬರೆದು, ಸಿಕ್ಕ ನಂಬರಿಗೆ ಟಿಕ್ ಹಾಕುತ್ತಾ ಪಕ್ಕದಲ್ಲಿ ಅದು ಎಷ್ಟನೇ ಪ್ಯಾಕ್ ಅಂತಲೂ ಬರೆಯುತ್ತಿದ್ದ. ಆ ಹಾಳೆ ನೋಡಿದರೆ ಸಾಕು, ಲೆಕ್ಕ ಹೇಳುವುದೇ ಬೇಡ. ಮೊದಮೊದಲು ಒಂದೇ ಪ್ಯಾಕ್ ನಂಬರಿನ ಮುಂದೆ ಐದೈದು ಟಿಕ್. ಆಮೇಲೆ ಮೂರು, ಎರಡು. ಕೊನೆಗೆ ಪ್ಯಾಕ್ ನಂಬರುಗಳು ಹಾರಿ ಹಾರಿ ಬರುತ್ತವೆ, ಟಿಕ್ ಮಾತ್ರ ಒಂದೊಂದೇ.

ಸರಾಸರಿ ಲೆಕ್ಕದಲ್ಲಿ ಹೀಗಿದೆ. ಮೊದಲ 50 ಕಾರ್ಡಿಗೆ ಸುಮಾರು 14 ಪ್ಯಾಕ್ ಸಾಕು. 90 ಮುಟ್ಟಲು 45. ಅಲ್ಲಿಂದ ಮುಂದಿನ ಹತ್ತೇ ಕಾರ್ಡಿಗೆ ಮತ್ತೆ 58, 59 ಪ್ಯಾಕ್ ಬೇಕು. ಅಂದರೆ ಕೊನೆಯ ಹತ್ತು ಕಾರ್ಡಿನ ಖರ್ಚು ಮೊದಲ ತೊಂಬತ್ತಕ್ಕಿಂತ ಜಾಸ್ತಿ. ಕಟ್ಟಕಡೆಯ ಒಂದು ಕಾರ್ಡಿಗೇ 20 ಪ್ಯಾಕ್, 1,000 ರೂಪಾಯಿ.

ಕಂಪನಿ ಮೋಸ ಮಾಡಬೇಕಿಲ್ಲ. ಬಾಕಿ ಕಡಿಮೆ ಆದಷ್ಟೂ ಪ್ಯಾಕಿನೊಳಗೆ ನಿಮಗೆ ಬೇಕಾದದ್ದು ಇರುವ ಅವಕಾಶ ಕುಗ್ಗುತ್ತದೆ, ಅಷ್ಟೇ.

ಒಂದೇ ಪ್ಯಾಕಿನೊಳಗೆ ಡಬಲ್ ಬರಲ್ಲವಲ್ಲ? ಅದರಿಂದ ಉಳಿತಾಯ ಆಗಲ್ವಾ?

ಆಗುತ್ತದೆ. 104ರ ಬದಲು ಸುಮಾರು 102. ಅಷ್ಟೇ.

104 ಪ್ಯಾಕ್ ತಂದರೆ ಖಂಡಿತಾ ಫುಲ್ ಆಗುತ್ತಾ?

ಇಲ್ಲ. 104 ಅನ್ನುವುದು ಸರಾಸರಿ, ಗ್ಯಾರಂಟಿ ಅಲ್ಲ. ಅದರ ಅಕ್ಕಪಕ್ಕ ಹರಡಿಕೊಂಡಿರುವುದೂ ಬಹಳ ಅಗಲವಾಗಿ. ಪೌಲ್ ಎರ್ಡಿಶ್ ಮತ್ತು ಆಲ್ಫ್ರೆಡ್ ರೇನ್ಯಿ ಅನ್ನುವ ಹಂಗೆರಿಯ ಇಬ್ಬರು ಗಣಿತಜ್ಞರು 1961ರಲ್ಲಿ ಈ ಹರವಿಗೆ ಒಂದು ಸೂತ್ರ ಕೊಟ್ಟರು. ಅದನ್ನು ನಮ್ಮ ಸೆಟ್ಟಿಗೆ ಹಾಕಿದರೆ ಹೀಗೆ ಬರುತ್ತದೆ. ಹತ್ತರಲ್ಲಿ ಒಬ್ಬ ಅದೃಷ್ಟವಂತನಿಗೆ 75 ಪ್ಯಾಕಿಗೇ ಮುಗಿದುಹೋಗುತ್ತದೆ. ಅರ್ಧ ಜನಕ್ಕೆ 100ರ ಒಳಗೆ. ಹತ್ತರಲ್ಲಿ ಒಬ್ಬನಿಗೆ 137 ಆದರೂ ಮುಗಿದಿರುವುದಿಲ್ಲ. ನೂರರಲ್ಲಿ ಒಬ್ಬ 184 ದಾಟುತ್ತಾನೆ.

ಅರ್ಧ ಜನಕ್ಕೆ 100ರ ಒಳಗೆ ಮುಗಿದರೂ ಸರಾಸರಿ 104 ಯಾಕೆ? ಕಡಿಮೆ ಕಡೆಗೆ ಒಂದು ಮಿತಿ ಇದೆ, 20ಕ್ಕಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಜಾಸ್ತಿ ಕಡೆಗೆ ಮಿತಿಯೇ ಇಲ್ಲ. ಕೆಟ್ಟ ನಸೀಬಿನವರು ಸರಾಸರಿಯನ್ನು ತಮ್ಮ ಕಡೆ ಎಳೆಯುತ್ತಾರೆ. ಹಾಗಾಗಿ "ನನ್ನ ಫ್ರೆಂಡಿಗೆ 80ಕ್ಕೇ ಆಯ್ತು" ಅಂತ ಮಗ ಹೇಳಿದರೆ ಅದು ಸುಳ್ಳಿರಬೇಕಿಲ್ಲ. ಆದರೆ ಬಜೆಟ್ ಮಾಡುವಾಗ ಆ ಫ್ರೆಂಡಿನ ಲೆಕ್ಕ ಹಿಡಿಯಬೇಡಿ.

20 ಪ್ಯಾಕ್ ಆಯ್ತು, ಬೇಕಾದ ಆ ಒಂದು ಕಾರ್ಡ್ ಬಂದಿಲ್ಲ. ಇನ್ನೇನು ಬರಲೇಬೇಕಲ್ವಾ?

ಬರಲೇಬೇಕು ಅಂತೇನಿಲ್ಲ. ಪ್ರತಿ ಪ್ಯಾಕಿನಲ್ಲೂ ಅದು ಇರುವ ಅವಕಾಶ ಇಪ್ಪತ್ತರಲ್ಲಿ ಒಂದು. ಹಿಂದಿನ 20 ಪ್ಯಾಕ್ ಖಾಲಿ ಹೋದದ್ದು 21ನೆಯದಕ್ಕೆ ಗೊತ್ತಿರುವುದಿಲ್ಲ. ಅಷ್ಟಕ್ಕೂ 20 ಪ್ಯಾಕ್ ಒಡೆದರೂ ಒಂದು ನಿರ್ದಿಷ್ಟ ಕಾರ್ಡ್ ಸಿಗದೇ ಇರುವುದು ಅಪರೂಪ ಅಲ್ಲ, ನೂರು ಜನರಲ್ಲಿ 36 ಜನಕ್ಕೆ ಹಾಗೇ ಆಗುತ್ತದೆ. ಇನ್ನೂ ಸರಾಸರಿ 20 ಪ್ಯಾಕ್ ಬೇಕು, ಮೊದಲು ಎಷ್ಟು ಬೇಕಿತ್ತೋ ಅಷ್ಟೇ.

ಗೋಲ್ಡ್ ಕಾರ್ಡ್ ಇದ್ದರೆ ಲೆಕ್ಕ ಏನಾಗುತ್ತೆ?

ಇಲ್ಲಿ ಸಮಾನ ಅನ್ನುವ ಷರತ್ತು ಮುರಿಯುತ್ತದೆ. ಅದೇ 100ರಲ್ಲಿ 90 ಮಾಮೂಲಿ, 10 ಗೋಲ್ಡ್ ಅಂದುಕೊಳ್ಳಿ. ಕವರ್ ಹಿಂದೆ ಸಣ್ಣಕ್ಷರದಲ್ಲಿ "4 ಪ್ಯಾಕಿಗೆ 1 ಗೋಲ್ಡ್" ಅಂತ ಬರೆದಿದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಆದರೆ ದುಡ್ಡು ಹೋಗುವುದು ಅಲ್ಲೇ.

ಗೋಲ್ಡನ್ನು ಬೇರೆಯದೇ ಹತ್ತು ಕಾರ್ಡಿನ ಸೆಟ್ ಅಂತ ನೋಡಿ. ಹತ್ತೂ ಸಿಗಲು ಸರಾಸರಿ 29.3 ಗೋಲ್ಡ್ ಕಾರ್ಡ್ ಬೇಕು. ಒಂದೊಂದಕ್ಕೂ ನಾಲ್ಕು ಪ್ಯಾಕ್. 29.3ನ್ನು 4ರಿಂದ ಗುಣಿಸಿದರೆ 117 ಪ್ಯಾಕ್. ಆ ಕಡೆ 90 ಮಾಮೂಲಿ ಕಾರ್ಡಿಗೆ 457 ಕಾರ್ಡ್ ಬೇಕು, ಪ್ಯಾಕಿಗೆ ಸರಾಸರಿ 4.75 ಮಾಮೂಲಿ ಬರುತ್ತವೆ, ಹಾಗಾಗಿ 96 ಪ್ಯಾಕ್.

ಹಾಗಾದರೆ ಉತ್ತರ 117 ತಾನೇ? ಅಲ್ಲ. ಎರಡೂ ಮುಗಿಯಬೇಕು. ಕೆಲವು ಸಲ ಗೋಲ್ಡ್ ಬೇಗ ಮುಗಿದು ಮಾಮೂಲಿ ಕಾರ್ಡೇ ಬಾಕಿ ಉಳಿಯುತ್ತದೆ. ಯಾವುದು ತಡವೋ ಅದನ್ನು ಕಾಯಬೇಕಾದ್ದರಿಂದ ಸರಾಸರಿ 128, 129ಕ್ಕೆ ಏರುತ್ತದೆ. ಹತ್ತರಲ್ಲಿ ಒಬ್ಬನಿಗೆ 185ರ ಹತ್ತಿರ ಹೋದರೂ ಮುಗಿದಿರುವುದಿಲ್ಲ. ಗೋಲ್ಡ್ ಇಲ್ಲದ ಸೆಟ್ಟಿನಲ್ಲಿ ಈ ಸಂಖ್ಯೆ 137 ಇತ್ತು, ನೆನಪಿಸಿಕೊಳ್ಳಿ. ಅಪರೂಪದ ಕಾರ್ಡ್ ಸರಾಸರಿಯನ್ನು ಏರಿಸುವುದಕ್ಕಿಂತ ಕೆಟ್ಟ ನಸೀಬಿನ ಹೊಡೆತವನ್ನು ಜಾಸ್ತಿ ಏರಿಸುತ್ತದೆ.

ಇದು ಸಾಲದು ಅಂತ ಇನ್ನೂರು ಪ್ಯಾಕಿಗೆ ಒಂದೇ ಬರುವ "ಸೂಪರ್" ಕಾರ್ಡ್ ಒಂದಿದ್ದರೆ ಉಳಿದ ಲೆಕ್ಕವನ್ನೆಲ್ಲ ಮರೆತುಬಿಡಿ. ಅದೊಂದಕ್ಕೇ ಸರಾಸರಿ 200 ಪ್ಯಾಕ್. 200 ಒಡೆದ ಮೇಲೂ ಮೂವರಲ್ಲಿ ಒಬ್ಬರಿಗೆ ಸಿಕ್ಕಿರುವುದಿಲ್ಲ.

ಕವರ್ ಮೇಲೆ ಏನೂ ಬರೆದಿಲ್ಲ. ಕೆಲವು ಕಾರ್ಡ್ ಬೇಕಂತಲೇ ಕಡಿಮೆ ಹಾಕಿದ್ದಾರೆ ಅಂತ ಗೊತ್ತಾಗೋದು ಹೇಗೆ?

ಮಕ್ಕಳ ದೊಡ್ಡ ಅನುಮಾನ ಇದು. "ಸರ್, 37 ಪ್ರಿಂಟೇ ಮಾಡಿಲ್ಲ" ಅಂತ ಒಬ್ಬ ಆಣೆ ಹಾಕಿ ಹೇಳುತ್ತಾನೆ. ಅವನ ಹತ್ತಿರ 300 ಕಾರ್ಡ್ ಇರುತ್ತವೆ. 300 ಕಾರ್ಡ್, ಅಂದರೆ 60 ಪ್ಯಾಕ್ ಒಡೆದಾಗ ಎಲ್ಲ ಸಮಾನವಾಗಿದ್ದರೂ ಸರಾಸರಿ ಐದು ಕಾರ್ಡ್ ಬಾಕಿ ಇರುತ್ತವೆ. ಒಬ್ಬನಿಗೆ 37, ಇನ್ನೊಬ್ಬನಿಗೆ 82. ಬಾಕಿ ಐದರಿಂದ ಎರಡು ಕೆಳಗೆ, ನಾಲ್ಕು ಮೇಲೆ ಇದ್ದರೂ ಮಾಮೂಲಿ. 60 ಪ್ಯಾಕ್ ಒಡೆದು 15 ಬಾಕಿ ಇದ್ದರೆ ಮಾತ್ರ ಅನುಮಾನ ಪಡಿ. ಸಮಾನವಾಗಿ ಬೆರೆಸಿದ ಕಾರ್ಡಿನಲ್ಲಿ ಅದು ಹೆಚ್ಚುಕಡಿಮೆ ಆಗುವುದೇ ಇಲ್ಲ.

ಒಬ್ಬನ ಬಾಕಿ ಪಟ್ಟಿಯಿಂದ ಏನೂ ಸಾಬೀತಾಗುವುದಿಲ್ಲ. ನಾಲ್ವರ ಪಟ್ಟಿ ಒಟ್ಟಿಗೆ ಇಡಿ. ನಾಲ್ವರದ್ದೂ ಸೇರಿ 1,200 ಕಾರ್ಡ್, ಡಬಲ್ ಎಲ್ಲ ಎಣಿಸಬೇಕು. ಪ್ರತಿ ನಂಬರ್ ಸರಾಸರಿ 12 ಸಲ ಬಂದಿರಬೇಕು. ಅಷ್ಟರಲ್ಲೂ 37 ಒಂದು ಸಲವೂ ಕಾಣಿಸದಿದ್ದರೆ ಆಗ ಹುಡುಗನ ಮಾತಿನಲ್ಲಿ ಹುರುಳಿದೆ. ನೂರು ನಂಬರಿನಲ್ಲಿ ಯಾವುದಾದರೂ ಒಂದು ಹಾಗೆ ಪೂರಾ ತಪ್ಪಿಹೋಗುವ ಸಾಧ್ಯತೆ ಸಾವಿರದಲ್ಲಿ ಒಂದಕ್ಕಿಂತ ಕಡಿಮೆ.

ಆದರೆ ಒಂದು ಎಚ್ಚರ. ನಾಲ್ವರೂ ಅಶೋಕ ರಸ್ತೆಯ ಒಂದೇ ಅಂಗಡಿಯ ಒಂದೇ ಬಾಕ್ಸಿನಿಂದ ಕೊಂಡಿದ್ದರೆ ಈ ಪರೀಕ್ಷೆ ನಡೆಯಲ್ಲ. ಆ ಬಾಕ್ಸಿನಲ್ಲಿ 37 ಇಲ್ಲದಿರಬಹುದು, ಮಂಡಿಪೇಟೆಯ ಅಂಗಡಿಯ ಬಾಕ್ಸಿನಲ್ಲಿ ಮೂರು ಇರಬಹುದು. ಬೇರೆ ಬೇರೆ ಅಂಗಡಿಯವು ಸೇರಬೇಕು.

ಪ್ಯಾಕ್ ಕೊಳ್ಳೋದು ಯಾವಾಗ ನಿಲ್ಲಿಸಬೇಕು?

ಇದನ್ನು ಪೋಷಕರು ಮಾತ್ರ ಕೇಳುತ್ತಾರೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಇದೊಂದೇ.

ಒಂದು ಪ್ಯಾಕಿನಲ್ಲಿ ಸರಾಸರಿ ಎಷ್ಟು ಹೊಸ ಕಾರ್ಡ್ ಬರುತ್ತವೆ ಅಂತ ನೋಡಿ. ಬಾಕಿ ಇರುವುದನ್ನು 20ರಿಂದ ಭಾಗಿಸಿದರೆ ಸಿಗುತ್ತದೆ. 40 ಬಾಕಿ ಇದ್ದರೆ ಪ್ಯಾಕಿಗೆ 2 ಹೊಸದು, ಅಂದರೆ ಹೊಸ ಕಾರ್ಡ್ ಒಂದಕ್ಕೆ 25 ರೂಪಾಯಿ ಬಿತ್ತು. 20 ಬಾಕಿ ಇದ್ದರೆ 50 ರೂಪಾಯಿ. 10 ಬಾಕಿ ಇದ್ದರೆ 100. 4 ಬಾಕಿ ಇದ್ದರೆ 250. ಕೊನೆಯದು 1,000. ಚಿಕ್ಕದಾಗಿ ಹೇಳಿದರೆ, 1,000ವನ್ನು ಬಾಕಿಯಿಂದ ಭಾಗಿಸಿ. ಈಗ ಒಂದು ಹೊಸ ಕಾರ್ಡ್ ನಿಮಗೆ ಎಷ್ಟಕ್ಕೆ ಬೀಳುತ್ತಿದೆ ಅನ್ನುವುದು ಗೊತ್ತಾಗುತ್ತದೆ.

ಈಗ ಬಿಡಿ ಕಾರ್ಡ್ ಎಷ್ಟಕ್ಕೆ ಸಿಗುತ್ತದೆ ಅಂತ ವಿಚಾರಿಸಿ. ಯಾರೋ ಒಬ್ಬ ದೊಡ್ಡ ಹುಡುಗ ಬಿಡಿಯಾಗಿ 100 ರೂಪಾಯಿಗೆ ಕೊಡುತ್ತಾನೆ ಅಂದುಕೊಳ್ಳಿ. ಹಾಗಾದರೆ ಬಾಕಿ 10 ಆದ ದಿನವೇ ಪ್ಯಾಕ್ ನಿಲ್ಲಿಸಿ. ಅಲ್ಲಿಯವರೆಗೆ 45 ಪ್ಯಾಕ್, ಸುಮಾರು 2,250 ರೂಪಾಯಿ. ಬಿಡಿ ಹತ್ತಕ್ಕೆ 1,000. ಒಟ್ಟು 3,250. ಕೊನೆಯವರೆಗೂ ಪ್ಯಾಕನ್ನೇ ಒಡೆದಿದ್ದರೆ 5,200. ಬಿಡಿ ಕಾರ್ಡಿಗೆ 100 ರೂಪಾಯಿ ಕೊಡುವಾಗ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಐದು ಕಾರ್ಡಿನ ಪ್ಯಾಕ್ 50ಕ್ಕೆ ಸಿಗುವಾಗ ಒಂದಕ್ಕೆ 100 ಯಾಕೆ ಅನ್ನಿಸುತ್ತದೆ. ಆದರೆ ಆ ಹಂತದಲ್ಲಿ ಪ್ಯಾಕಿನೊಳಗಿನ ಐದರಲ್ಲಿ ನಾಲ್ಕೂವರೆ ನಿಮ್ಮ ಮನೆಯಲ್ಲಿ ಆಗಲೇ ಇರುವಂಥವೇ.

ಗೋಲ್ಡಿಗೂ ಇದೇ ಲೆಕ್ಕ, ಬೇರೆಯಾಗಿ ಹಾಕಬೇಕು. 48 ಪ್ಯಾಕಿನಲ್ಲಿ 12 ಗೋಲ್ಡ್ ಬರುತ್ತವೆ, ಅದರಲ್ಲಿ ಬೇರೆ ಬೇರೆಯವು ಏಳು. ಉಳಿದ ಮೂರಕ್ಕೆ ಸರಾಸರಿ ಇನ್ನೂ 73 ಪ್ಯಾಕ್. ಮೂರು ಗೋಲ್ಡಿಗೆ 3,650 ರೂಪಾಯಿ. ಯಾರಾದರೂ ಒಂದು ಗೋಲ್ಡನ್ನು 500ಕ್ಕೆ ಕೊಡುತ್ತೇನೆ ಅಂದರೆ ಅದು ದುಬಾರಿ ಅಲ್ಲ.

ಇಬ್ಬರು ಸೇರಿ ಕೊಂಡರೆ ಲಾಭನಾ?

ಬಹಳ. ಇಬ್ಬರೂ ಬೇರೆ ಬೇರೆ ಮಾಡಿದರೆ ಒಟ್ಟು 208 ಪ್ಯಾಕ್. ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಎರಡು ಸೆಟ್ ತೆಗೆದರೆ ಸುಮಾರು 146. ತಲೆಗೆ 73. ಒಬ್ಬನ ಡಬಲ್ ಇನ್ನೊಬ್ಬನಿಗೆ ಹೊಸದು, ಉಳಿತಾಯ ಬರುವುದು ಅಲ್ಲಿಂದಲೇ. ಡೊನಾಲ್ಡ್ ನ್ಯೂಮನ್ ಮತ್ತು ಲ್ಯಾರಿ ಶೆಪ್ 1960ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಮೊದಲ ಸೆಟ್ ದುಬಾರಿ, ಅದರ ಮೇಲೆ ಬರುವ ಪ್ರತಿ ಸೆಟ್ ಅಗ್ಗ. ಹತ್ತು ಜನ ಸೇರಿದರೆ ತಲೆಗೆ 40 ಪ್ಯಾಕಿನ ಆಸುಪಾಸಿಗೆ ಇಳಿಯುತ್ತದೆ. ಎಷ್ಟೇ ಜನ ಸೇರಿದರೂ 20ಕ್ಕಿಂತ ಕೆಳಗೆ ಇಳಿಯಲ್ಲ.

ಇದಕ್ಕೆ ಎಲ್ಲರೂ ಡಬಲ್‌ಗಳನ್ನು ಮನಸ್ಸಿಟ್ಟು ಬಿಟ್ಟುಕೊಡಬೇಕು. ನಮ್ಮ ಟ್ಯೂಷನ್ನಿನಲ್ಲಿ ಅದು ನಡೆಯುವುದಿಲ್ಲ. "ಒಂದು ಕೊಹ್ಲಿಗೆ ಮೂರು ಕೊಡು" ಅಂತ ಶುರುವಾಗುತ್ತದೆ. ಎಲ್ಲ ಕಾರ್ಡೂ ಸಮಾನವಾಗಿ ಪ್ರಿಂಟ್ ಆಗಿದ್ದರೆ ಕೊಹ್ಲಿ ಸಿಗುವುದೂ ಉಳಿದವರಷ್ಟೇ ಸುಲಭ. ಸೆಟ್ ಫುಲ್ ಮಾಡುವುದೇ ಗುರಿಯಾದರೆ ಒಂದಕ್ಕೆ ಒಂದು ಎಕ್ಸ್‌ಚೇಂಜ್ ಸರಿ. ಹನ್ನೊಂದು ವರ್ಷದವನಿಗೆ ಇದನ್ನು ಒಪ್ಪಿಸುವುದು ಲೆಕ್ಕ ಕಲಿಸಿದಷ್ಟು ಸುಲಭ ಅಲ್ಲ.

ಲೆಕ್ಕ ನಂಬಿಕೆ ಬರ್ತಿಲ್ಲ. ಪ್ಯಾಕ್ ಕೊಳ್ಳದೇ ನೋಡಬಹುದಾ?

ನೋಡಬಹುದು. ಪಿಯುಸಿಯಲ್ಲಿ ಪೈಥಾನ್ ಕಲಿತವರು ಇದನ್ನು ಓಡಿಸಿ:

```python
import random

def packs(n=100, m=5):
    have, count = set(), 0
    while len(have) < n:
        have.update(random.sample(range(n), m))
        count += 1
    return count

runs = sorted(packs() for _ in range(10000))
print(sum(runs) / len(runs))
print(runs[1000], runs[5000], runs[9000])
```

ಹತ್ತು ಸಾವಿರ ಜನ ಸೆಟ್ ತುಂಬಿಸಿದ ಹಾಗೆ. ಮೊದಲ ಸಾಲಿನಲ್ಲಿ 102ರ ಹತ್ತಿರ ಬರುತ್ತದೆ, ಯಾಕೆಂದರೆ `random.sample` ಒಂದೇ ಪ್ಯಾಕಿನಲ್ಲಿ ಡಬಲ್ ಹಾಕುವುದಿಲ್ಲ. ಎರಡನೇ ಸಾಲಿನಲ್ಲಿ ಅದೃಷ್ಟವಂತ, ಮಧ್ಯದವನು, ಕೆಟ್ಟ ನಸೀಬಿನವನು. `n` ಮತ್ತು `m` ಬದಲಿಸಿ ನಿಮ್ಮ ಸೆಟ್ಟಿಗೆ ಹೊಂದಿಸಿಕೊಳ್ಳಿ.

ಬಿಡಿ ಪ್ಯಾಕ್ ಬದಲು ಫುಲ್ ಬಾಕ್ಸ್ ತಂದರೆ?

ಕೆಲವೊಮ್ಮೆ ಒಳ್ಳೆಯದು. ಕಾರ್ಡುಗಳನ್ನು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಪ್ರಿಂಟ್ ಮಾಡಿ, ಕತ್ತರಿಸಿ, ಮೆಷಿನ್ ಪ್ಯಾಕಿಗೆ ತುಂಬಿಸುತ್ತದೆ. ಒಂದೇ ಬಾಕ್ಸಿನ ಪ್ಯಾಕುಗಳಲ್ಲಿ ಕಾರ್ಡುಗಳು ಒಂದು ಸರದಿಯಲ್ಲಿ ಬಂದರೆ ಡಬಲ್ ಕಡಿಮೆ ಆಗುತ್ತದೆ, ನಮ್ಮ ಲೆಕ್ಕಕ್ಕಿಂತ ಬೇಗ ತುಂಬುತ್ತದೆ. ಬೆರೆಸುವುದು ಕೆಟ್ಟಿದ್ದರೆ ಉಲ್ಟಾ, ಒಂದೇ ಆಟಗಾರ ಏಳು ಸಲ. ಮೊದಲ ಬಾಕ್ಸ್ ಒಡೆದಾಗ ಎಣಿಸಿ ನೋಡಿ. 24 ಪ್ಯಾಕಿನ ಬಾಕ್ಸಿನಲ್ಲಿ 120 ಕಾರ್ಡ್ ಇರುತ್ತವೆ, ಸುಮ್ನೆ ಬೆರೆಸಿದ್ದರೆ 70 ಬೇರೆ ಬೇರೆ ಬರಬೇಕು. 85 ಬಂದರೆ ಸರದಿ ನಿಮ್ಮ ಪರವಾಗಿದೆ. ಆದರೆ ಅದೇ ಕಂತಿನ ಎರಡನೇ ಬಾಕ್ಸ್ ತರಬೇಡಿ, ಅದರಲ್ಲೂ ಅದೇ ಸರದಿ, ಅದೇ 85 ಕಾರ್ಡ್ ಬರುವ ಸಂಭವ ಜಾಸ್ತಿ. ಉಳಿದ 15ಕ್ಕೆ ಎಕ್ಸ್‌ಚೇಂಜ್ ಮಾಡಿಕೊಳ್ಳಿ.